ಕುಂತಿ ಬಾಯಿ ಬಿಡಬೇಕಿದ್ದದ್ದು ಯಾವತ್ತು?

ಕಡಲತಡಿ (ಚರ್ಚೆ ಶುರು ಮಾಡಿದವರು)

ಕಳೆದ ಶನಿವಾರ ರಾತ್ರಿ ನಮ್ಮೂರಿನ ದೇವಸ್ಥಾನದಲ್ಲಿ ಕರ್ಣಭೇದನ ತಾಳಮದ್ದಳೆ ಇತ್ತು. ಕೃಷ್ಣ ಹೊರಟ ಮೇಲೆ ಕುಂತಿ ಬರುವ ಭಾಗವನ್ನೂ ಸೇರಿಸಿಕೊಂಡಿದ್ದರು. ಕರ್ಣನ ಅರ್ಥ ಹೇಳಿದವರು ಒಂದು ಮಾತು ಕೇಳಿದರು. "ಅಮ್ಮಾ, ಅವತ್ತು ರಂಗಭೂಮಿಯಲ್ಲಿ ನನ್ನ ಕುಲ ಯಾವುದು ಅಂತ ಕೇಳಿದಾಗ ನೀನು ಎಲ್ಲಿ ಕೂತಿದ್ದೆ?" ಕುಂತಿಯ ಪಾತ್ರದವರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಭಾಗವತರೂ ಪದ ಎತ್ತಲಿಲ್ಲ. ಆ ಮೌನ ನನ್ನ ತಲೆಯಿಂದ ಹೋಗುತ್ತಲೇ ಇಲ್ಲ.

ಮಗುವನ್ನು ನದಿಗೆ ಬಿಟ್ಟದ್ದಕ್ಕೆ ನಾನು ಕುಂತಿಯನ್ನು ದೂರುವುದಿಲ್ಲ. ಆಗ ಅವಳೇ ಚಿಕ್ಕ ಹುಡುಗಿ. ಆದರೆ ಆಮೇಲೆ ಅಷ್ಟು ವರ್ಷ ಸುಮ್ಮನಿದ್ದಳಲ್ಲ, ಅದು ಯಾಕೆ? ಯಾವತ್ತು ಹೇಳಿದ್ದರೆ ಯುದ್ಧ ತಪ್ಪುತ್ತಿತ್ತು? ಓದಿಕೊಂಡವರು ಹೇಳಿ.

ಬಿಸಿಲೂರು

ತಪ್ಪುತ್ತಿರಲಿಲ್ಲ ಅನಿಸುತ್ತದೆ. ಯಾಕೆಂದರೆ ಕುಂತಿ ಕೊನೆಗೆ ಹೋದದ್ದು ಮಗನಿಗೋಸ್ಕರ ಅಲ್ಲ, ಅರ್ಜುನನಿಗೋಸ್ಕರ. ಎರಡು ವರ ಕೇಳಿದಳು. ಒಂದು, ತೊಟ್ಟ ಬಾಣ ಮತ್ತೆ ತೊಡಬೇಡ. ಇನ್ನೊಂದು, ಅರ್ಜುನನನ್ನು ಬಿಟ್ಟು ಉಳಿದ ನಾಲ್ವರನ್ನು ಕೊಲ್ಲಬೇಡ. ಸರ್ಪಾಸ್ತ್ರ ಗುರಿ ತಪ್ಪಿದಾಗ ಅದನ್ನು ಮತ್ತೆ ಹೂಡಿದ್ದರೆ ಅರ್ಜುನ ಅವತ್ತೇ ಹೋಗುತ್ತಿದ್ದ. ಅಂದರೆ ಹೆತ್ತ ತಾಯಿಯೇ ಬಂದು ಮಗನ ಕೈ ಕಟ್ಟಿ ಹಾಕಿದಳು. ಮಹಾಭಾರತದಲ್ಲೇ ಹೀಗಿದೆ. ಇದನ್ನು ತಾಯಿ ಪ್ರೀತಿ ಅಂತ ನಾನು ಹೇಳಲಾರೆ.

ಹಳೇ ಮೇಷ್ಟ್ರು

ಬಿಸಿಲೂರು ಅವರು ಹೇಳಿದ್ದು ಅರ್ಧ ಸರಿ. ನಮ್ಮ ಕಡೆ ಆಟಗಳಲ್ಲಿ, ಹರಿಕಥೆಯಲ್ಲಿ, ಅಜ್ಜಿ ಹೇಳುವ ಕಥೆಯಲ್ಲಿ ಆ ಎರಡು ವರ ಬರುತ್ತವೆ. ವ್ಯಾಸರ ಮೂಲದಲ್ಲಿ ಹಾಗಿಲ್ಲ. ವ್ಯತ್ಯಾಸ ಸಣ್ಣದಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಉದ್ಯೋಗ ಪರ್ವದಲ್ಲಿ ಕುಂತಿ ಗಂಗೆಯ ದಡಕ್ಕೆ ಹೋಗುತ್ತಾಳೆ. ಕರ್ಣ ಪೂರ್ವಕ್ಕೆ ಮುಖ ಮಾಡಿ, ಎರಡೂ ಕೈ ಮೇಲೆತ್ತಿ ಜಪ ಮಾಡುತ್ತಿದ್ದಾನೆ. ಅವಳು ಕರೆಯುವುದಿಲ್ಲ. ಅವನ ಬೆನ್ನ ಹಿಂದೆ, ಅವನ ಉತ್ತರೀಯದ ನೆರಳಿನಲ್ಲಿ ನಿಂತುಕೊಳ್ಳುತ್ತಾಳೆ. ಬಿಸಿಲಿಗೆ ಬಾಡಿದ ತಾವರೆ ಹೂವಿನ ಮಾಲೆ ಹಾಗಿದ್ದಳು ಅಂತ ಹೇಳಿದೆ. ಸೂರ್ಯ ಪಶ್ಚಿಮಕ್ಕೆ ತಿರುಗಿ ಬೆನ್ನು ಸುಡುವವರೆಗೂ ಅವನ ಜಪ ನಡೆಯುತ್ತದೆ. ಅಷ್ಟು ಹೊತ್ತೂ ಅವಳು ಮಗನ ಬಟ್ಟೆಯ ನೆರಳಿನಲ್ಲೇ ಇದ್ದಾಳೆ. ಯೋಚನೆ ಮಾಡಿ, ಹುಟ್ಟಿದ ದಿನದಿಂದ ಅವನಿಗೆ ನೆರಳು ಕೊಡದ ತಾಯಿ ಅವಳು.

ಅವನು ತಿರುಗಿ ನೋಡಿ ಕೈ ಮುಗಿಯುತ್ತಾನೆ. ಏನಂತಾನೆ ಗೊತ್ತಾ? "ನಾನು ರಾಧೇಯ, ಅಧಿರಥನ ಮಗ ಕರ್ಣ, ನಿಮಗೆ ನಮಸ್ಕಾರ." ಇಷ್ಟರಲ್ಲಾಗಲೇ ಕೃಷ್ಣ ಅವನಿಗೆ ಹುಟ್ಟಿನ ಗುಟ್ಟು ಹೇಳಿಯಾಗಿದೆ. ಎದುರಿಗಿರುವುದು ತಾಯಿ ಅಂತ ಗೊತ್ತಿದ್ದೇ ಅವನು ಈ ಮಾತು ಆಡುತ್ತಾನೆ. ಅವಳ ಮೊದಲ ಮಾತು, "ನೀನು ಕೌಂತೇಯ, ರಾಧೇಯ ಅಲ್ಲ."

ಇಲ್ಲಿ ಅವಳು ಕೇಳುವುದು ಒಂದೇ. ತಮ್ಮಂದಿರ ಜೊತೆ ಸೇರು, ರಾಜ್ಯ ಅನುಭವಿಸು. ಯಾರನ್ನೂ ಕೊಲ್ಲಬೇಡ ಅಂತಲೂ ಕೇಳಿಲ್ಲ, ಬಾಣದ ಮಾತೂ ಎತ್ತಿಲ್ಲ. ಸೇರುವುದಿಲ್ಲ ಅಂತ ಹೇಳಿದ ಮೇಲೆ ಕರ್ಣ ತಾನಾಗಿಯೇ ಮಾತು ಕೊಡುತ್ತಾನೆ. "ನೀನು ಬಂದದ್ದು ವ್ಯರ್ಥ ಆಗಬಾರದು. ನಾಲ್ವರನ್ನು ಕೊಲ್ಲುವುದಿಲ್ಲ. ನಾನು ಸತ್ತರೂ ಅರ್ಜುನ ಸತ್ತರೂ ನಿನಗೆ ಐದು ಮಕ್ಕಳು ಇದ್ದೇ ಇರುತ್ತಾರೆ."

ಬಾಣದ ವಿಷಯವೂ ಅಷ್ಟೇ. ಸರ್ಪಾಸ್ತ್ರ ಹೂಡುವಾಗ ಶಲ್ಯ, ಇನ್ನೊಮ್ಮೆ ಸರಿಯಾಗಿ ಗುರಿ ಇಡು ಅನ್ನುತ್ತಾನೆ. ಕರ್ಣ ಎರಡು ಸಲ ಬಾಣ ಹೂಡುವವನಲ್ಲ ಅಂತ ಅವನೇ ಉತ್ತರ ಕೊಡುತ್ತಾನೆ. ಅದು ಅವನ ಸ್ವಂತ ಹಟ. ಕುಂತಿಗೂ ಅದಕ್ಕೂ ಸಂಬಂಧ ಇಲ್ಲ.

ಬಿಸಿಲೂರು

ಮೇಷ್ಟ್ರೇ, ಒಪ್ಪಿದೆ. ಮೂಲದಲ್ಲೇ ಇದೆ ಅಂತ ಇಷ್ಟು ದಿನ ನಂಬಿದ್ದೆ. ಆದರೂ ಒಂದು ಪ್ರಶ್ನೆ. ನಮ್ಮ ಜನ ಯಾಕೆ ಕಥೆಯನ್ನು ಹಾಗೆ ಬದಲಾಯಿಸಿದರು? ಕುಂತಿಯ ಬಾಯಿಂದಲೇ ವರ ಕೇಳಿಸಿದರೆ ಅವಳು ಜಾಸ್ತಿ ಕಠಿಣಳಾಗಿ ಕಾಣುತ್ತಾಳೆ. ಬಹುಶಃ ಕರ್ಣನ ಮೇಲಿನ ಪ್ರೀತಿಗೆ ಹಾಗೆ ಮಾಡಿರಬೇಕು. ಅವನು ಸೋತದ್ದಕ್ಕೆ ಅವನ ಹಟ ಕಾರಣ ಅಂದರೆ ಮನಸ್ಸು ಒಪ್ಪುವುದಿಲ್ಲ. ತಾಯಿಗೆ ಕೊಟ್ಟ ಮಾತು ಕಾರಣ ಅಂದರೆ ಕಣ್ಣಲ್ಲಿ ನೀರು ಬರುತ್ತದೆ.

ವಕೀಲರ ಮನೆ

ಕಡಲತಡಿ ಅವರ ಪ್ರಶ್ನೆಗೆ ಬರುತ್ತೇನೆ. ಯಾವತ್ತು ಹೇಳಬೇಕಿತ್ತು? ನನ್ನ ಪ್ರಕಾರ ಪಾಂಡುವಿನ ಹತ್ತಿರವೇ ಹೇಳಬೇಕಿತ್ತು. ಅಲ್ಲಿ ಬಾಗಿಲು ಪೂರ್ತಿ ತೆರೆದಿತ್ತು.

ಆದಿ ಪರ್ವದಲ್ಲಿ ಪಾಂಡು ಮಕ್ಕಳಿಲ್ಲ ಅಂತ ಕೊರಗುತ್ತಾನೆ. ಬೇರೆಯವರಿಂದ ಮಗನನ್ನು ಪಡೆ ಅಂತ ಕುಂತಿಗೆ ಹೇಳುತ್ತಾನೆ. ಆ ಮಾತಿನ ನಡುವೆ ಯಾವ ಯಾವ ರೀತಿಯ ಮಕ್ಕಳನ್ನು ಮಗ ಅಂತ ಒಪ್ಪಬಹುದು ಅಂತ ಒಂದು ಪಟ್ಟಿಯನ್ನೇ ಕೊಡುತ್ತಾನೆ. ಅದರಲ್ಲಿ ಕಾನೀನ ಅಂತ ಇದೆ. ಮದುವೆಗೆ ಮುಂಚೆ ಹುಟ್ಟಿದ ಮಗ. ಗಂಡ ತನ್ನ ಬಾಯಾರೆ ಹೇಳುತ್ತಿದ್ದಾನೆ, ಅಂಥ ಮಗನೂ ನನಗೆ ಮಗನೇ ಅಂತ. ಕುಂತಿ ಆಗ ದುರ್ವಾಸರು ಕೊಟ್ಟ ಮಂತ್ರದ ವಿಷಯ ಹೇಳುತ್ತಾಳೆ. ಅದನ್ನು ಒಂದು ಸಲ ಉಪಯೋಗಿಸಿ ನೋಡಿದ್ದೇನೆ ಅಂತ ಮಾತ್ರ ಹೇಳುವುದಿಲ್ಲ!

ಆಮೇಲೆ ಕೃಷ್ಣ ಕರ್ಣನಿಗೆ ಹೇಳುವುದೂ ಇದೇ ನ್ಯಾಯ. ಮದುವೆಗೆ ಮುಂಚೆ ಹುಟ್ಟಿದ ಮಗ ತಾಯಿಯ ಕೈ ಹಿಡಿದವನಿಗೆ ಸೇರುತ್ತಾನೆ, ಹಾಗಾಗಿ ನೀನು ಧರ್ಮದಿಂದ ಪಾಂಡುವಿನ ಮಗ, ನಡಿ, ರಾಜನಾಗು. ಅಂದರೆ ಕಾನೂನು ಕುಂತಿಯ ಕಡೆಗೇ ಇತ್ತು. ಅವಳು ಒಂದೇ ಒಂದು ಮಾತು ಹೇಳಿದ್ದರೆ ಕರ್ಣ ಹಿರಿಯ ಮಗ, ಯುವರಾಜ. ಕೇಸ್ ಅಲ್ಲಿಗೇ ಮುಗಿಯುತ್ತಿತ್ತು.

ತುಂಗೆ

ವಕೀಲರೇ, ಕಾನೂನು ಇತ್ತು, ಸರಿ. ಆದರೆ ಹೆಂಗಸಿಗೆ ಧೈರ್ಯ ಬರುವುದು ಕಾನೂನಿನಿಂದ ಮಾತ್ರವಾ?

ಅದೇ ಆದಿ ಪರ್ವದಲ್ಲಿ ಇನ್ನೊಂದು ಜಾಗ ನೋಡಿ. ಅರ್ಜುನ ಹುಟ್ಟಿದ ಮೇಲೆ ಪಾಂಡು ಇನ್ನೂ ಮಕ್ಕಳು ಬೇಕು ಅನ್ನುತ್ತಾನೆ. ಕುಂತಿ ಬೇಡ ಅನ್ನುತ್ತಾಳೆ. ಆಪತ್ಕಾಲದಲ್ಲೂ ನಾಲ್ಕನೆಯದನ್ನು ಹಿರಿಯರು ಹೇಳಿಲ್ಲ. ಮೂರು ದಾಟಿದರೆ ಹೆಂಗಸು ಸ್ವೈರಿಣಿ ಅನ್ನಿಸಿಕೊಳ್ಳುತ್ತಾಳೆ, ಐದಾದರೆ ವೇಶ್ಯೆ. ಇದು ಅವಳದೇ ಮಾತು. ಈಗ ಎಣಿಸಿ. ಪಾಂಡುವಿನ ಲೆಕ್ಕದಲ್ಲಿ ಯಮಧರ್ಮ, ವಾಯು, ಇಂದ್ರ, ಮೂರು. ಅವಳ ಮನಸ್ಸಿನ ಲೆಕ್ಕದಲ್ಲಿ ಸೂರ್ಯನೂ ಸೇರಿ ಆಗಲೇ ನಾಲ್ಕು. ಅವಳು ತನಗೇ ಯಾವ ಹೆಸರು ಇಟ್ಟುಕೊಂಡಿದ್ದಳು ಅಂತ ಈ ಮಾತಿನಿಂದ ಗೊತ್ತಾಗುತ್ತದೆ, ಅಲ್ವಾ? ಗಂಡ ಪಟ್ಟಿಯಲ್ಲಿ ಕಾನೀನ ಅಂತ ಸೇರಿಸಿದ್ದು ಅವಳ ಕಿವಿಗೆ ಬಿದ್ದಿರಬಹುದು. ಆದರೆ ಅವಳ ಒಳಗೆ ಕೂತಿದ್ದ ಲೆಕ್ಕ ಬೇರೆ.

ನಾನು ಇದನ್ನು ಓದಿ ಬಹಳ ಹೊತ್ತು ಪುಸ್ತಕ ಮುಚ್ಚಿ ಕೂತಿದ್ದೆ.

ಪುಟ್ಟಿಯ ಅಮ್ಮ

ನನಗೆ ಸಂಸ್ಕೃತ ಬರುವುದಿಲ್ಲ. ನನ್ನದೇ ವಿಷಯ ಹೇಳಬಹುದಾ?

ನಾನು ಹುಟ್ಟಿದ ಮೂರನೇ ತಿಂಗಳಿಗೆ ನನ್ನನ್ನು ದೊಡ್ಡಮ್ಮನಿಗೆ ಕೊಟ್ಟರು. ಅವರಿಗೆ ಮಕ್ಕಳಿರಲಿಲ್ಲ. ನನಗೆ ಹದಿನೇಳು ವರ್ಷ ಆದಾಗ ಒಂದು ಮದುವೆ ಮನೆಯಲ್ಲಿ ಯಾರೋ ಹೇಳಿದರು, ನಿನ್ನ ಚಿಕ್ಕಮ್ಮನೇ ನಿನ್ನ ತಾಯಿ ಅಂತ. ಅಲ್ಲಿಯವರೆಗೆ ಚಿಕ್ಕಮ್ಮ ಬಂದಾಗಲೆಲ್ಲ ನನಗೊಂದು ಫ್ರಾಕ್ ತರುತ್ತಿದ್ದರು, ತಲೆ ಬಾಚುತ್ತಿದ್ದರು, ಹೋಗುತ್ತಿದ್ದರು. ಗೊತ್ತಾದ ಮೇಲೆ ನನಗೆ ಸಿಟ್ಟು ಬಂದದ್ದು ಕೊಟ್ಟದ್ದಕ್ಕಲ್ಲ. ಆ ಫ್ರಾಕ್‌ಗಳಿಗೆ. ಇಷ್ಟು ಹತ್ತಿರ ಇದ್ದು, ಇಷ್ಟು ಪ್ರೀತಿ ಇದ್ದು, ಒಂದು ಮಾತು ಹೇಳಲಿಲ್ಲ ಅಂತ.

ಹಾಗಾಗಿ ನಾನು ಕರ್ಣನ ಕಡೆ. ಅದಕ್ಕಿಂತ ಜಾಸ್ತಿ ರಾಧೆಯ ಕಡೆ. ಅವಳ ವಿಷಯ ಯಾರೂ ಎತ್ತಲೇ ಇಲ್ಲ. ಅವಳ ಬಗ್ಗೆ ಮೂಲದಲ್ಲಿ ಏನಾದರೂ ಇದೆಯಾ ಮೇಷ್ಟ್ರೇ?

ಹಳೇ ಮೇಷ್ಟ್ರು

ಇದೆಯಮ್ಮ, ಚೆನ್ನಾಗಿಯೇ ಇದೆ. ಅದೂ ಕರ್ಣನ ಬಾಯಲ್ಲೇ.

ಕೃಷ್ಣ ರಾಜ್ಯ ಕೊಡುತ್ತೇನೆ, ಪಾಂಡವರು ನಿನ್ನ ಕಾಲು ಹಿಡಿಯುತ್ತಾರೆ, ಆರನೆಯ ಸರದಿಯಲ್ಲಿ ದ್ರೌಪದಿಯೂ ನಿನ್ನವಳಾಗುತ್ತಾಳೆ ಅಂತ ಎಲ್ಲ ಆಸೆ ತೋರಿಸಿದ ಮೇಲೆ ಕರ್ಣ ಹೇಳುವ ಮಾತು ಇದು. ಅಧಿರಥ ನನ್ನನ್ನು ಮನೆಗೆ ತಂದ ಕೂಡಲೇ ರಾಧೆಗೆ ಪ್ರೀತಿಯಿಂದ ಎದೆಯಲ್ಲಿ ಹಾಲು ಬಂತು. ಅವಳು ನನ್ನ ಉಚ್ಚೆ, ಕಕ್ಕ ಬಳಿದಳು. ಅಂಥವಳಿಗೆ ಪಿಂಡ ಇಡುವವನು ಇಲ್ಲದ ಹಾಗೆ ನಾನು ಹೇಗೆ ಮಾಡಲಿ? ಅಧಿರಥ ನನಗೆ ಜಾತಕರ್ಮ ಮಾಡಿಸಿದ. ವಸುಷೇಣ ಅಂತ ಹೆಸರು ಇಡಿಸಿದ. ಮದುವೆ ಮಾಡಿಸಿದ. ಮಕ್ಕಳು, ಮೊಮ್ಮಕ್ಕಳು ಆಗಿದ್ದಾರೆ. ಇಡೀ ಭೂಮಿ ಕೊಟ್ಟರೂ, ಬಂಗಾರದ ರಾಶಿ ಕೊಟ್ಟರೂ ಇದನ್ನು ಸುಳ್ಳು ಮಾಡಲಾರೆ.

ದೊಡ್ಡ ವೀರರ ಕಥೆಯಲ್ಲಿ ಉಚ್ಚೆ ಬಳಿದ ಮಾತು ಬರುವುದು ಇಂಥ ಜಾಗದಲ್ಲಿ. ಆ ಒಂದು ಮಾತಿನ ಮುಂದೆ ಕೃಷ್ಣನ ಅಷ್ಟೂ ರಾಜಕೀಯ ಸೋತಿತು.

ನಿಮ್ಮ ಫ್ರಾಕ್ ಮಾತು ಓದಿದಾಗ ವನ ಪರ್ವದ ಒಂದು ಸಾಲು ನೆನಪಾಯಿತು. ಕುಂತಿ ಪೆಟ್ಟಿಗೆಯನ್ನು ಅಶ್ವ ನದಿಗೆ ಬಿಡುತ್ತಾಳೆ. ಅದು ಚರ್ಮಣ್ವತಿಗೆ, ಅಲ್ಲಿಂದ ಯಮುನೆಗೆ, ಗಂಗೆಗೆ ಸೇರಿ ಚಂಪಾನಗರ ಮುಟ್ಟುತ್ತದೆ. ನಾವೆಲ್ಲ ಕಥೆಯನ್ನು ಅಲ್ಲಿಗೇ ನಿಲ್ಲಿಸುತ್ತೇವೆ. ಆದರೆ ಮುಂದೆ ಹೇಳಿದೆ, ಮಗು ಎಲ್ಲಿ ಬೆಳೆಯುತ್ತಿದೆ ಅನ್ನುವುದು ಕುಂತಿಗೆ ಗೂಢಚಾರರಿಂದ ಗೊತ್ತಿತ್ತು ಅಂತ. ಅವಳಿಗೆ ಊರು ಗೊತ್ತಿತ್ತು, ಮನೆ ಗೊತ್ತಿತ್ತು. ನಿಮ್ಮ ಚಿಕ್ಕಮ್ಮ ಬಂದು ತಲೆಯಾದರೂ ಬಾಚಿದರು. ಇವಳಿಗೆ ಅದೂ ಆಗಲಿಲ್ಲ.

ಪುಟ್ಟಿಯ ಅಮ್ಮ

ಇದು ನನಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತೇ ಇರಲಿಲ್ಲ, ರಂಗಭೂಮಿಯಲ್ಲಿ ಕವಚ ಕುಂಡಲ ನೋಡಿಯೇ ಗುರುತು ಸಿಕ್ಕಿತು ಅಂದುಕೊಂಡಿದ್ದೆ. ಗೊತ್ತಿತ್ತು ಅಂದರೆ ಸಿಟ್ಟು ಇನ್ನೂ ಜಾಸ್ತಿ ಆಗಬೇಕಿತ್ತು. ಯಾಕೋ ಆಗುತ್ತಿಲ್ಲ.

ಮೈಸೂರು ಪಾಕಶಾಲೆ

ತಾಯಂದಿರ ತಪ್ಪು ಅಂದರೆ ಮೊದಲು ಗಾಂಧಾರಿ ಹೆಸರು ಬರಬೇಕು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನೂರು ಮಕ್ಕಳನ್ನು ಹಾಳು ಮಾಡಿದಳು. ಕೊನೆಗೆ ಬಟ್ಟೆ ಬಿಚ್ಚಿ ದುರ್ಯೋಧನನ ಮೈಯನ್ನು ವಜ್ರ ಮಾಡಿದಳು, ತೊಡೆ ಮಾತ್ರ ಉಳಿಯಿತು. ಕುಂತಿಯನ್ನು ಯಾಕೆ ಬಯ್ಯುತ್ತೀರಿ?

ಹಳೇ ಮೇಷ್ಟ್ರು

ಬಯ್ಯುತ್ತಿಲ್ಲಮ್ಮ, ಅರ್ಥ ಮಾಡಿಕೊಳ್ಳಲು ನೋಡುತ್ತಿದ್ದೇವೆ. ವಜ್ರದ ಮೈ ಕಥೆ ವ್ಯಾಸರದ್ದಲ್ಲ. ಅಲ್ಲಿ ಗಾಂಧಾರಿ ತುಂಬಿದ ಸಭೆಗೆ ಬಂದು ಮಗನಿಗೆ ಬುದ್ಧಿ ಹೇಳುತ್ತಾಳೆ, ಅವನು ಕೇಳದೆ ಎದ್ದು ಹೋಗುತ್ತಾನೆ. ಅವಳ ಕಣ್ಣಿನ ಶಕ್ತಿ ಕಾಣುವುದು ಯುದ್ಧ ಮುಗಿದ ಮೇಲೆ. ಬಟ್ಟೆಯ ಸಂದಿಯಿಂದ ಧರ್ಮರಾಯನ ಕಾಲ್ಬೆರಳಿನ ತುದಿ ಕಾಣುತ್ತದೆ, ಅವನ ಉಗುರು ಕೆಟ್ಟುಹೋಗುತ್ತದೆ. ಗಾಂಧಾರಿಗೆ ಬೇರೆಯೇ ಚರ್ಚೆ ಬೇಕು. ನೀವೇ ಶುರು ಮಾಡಿ, ಬರುತ್ತೇನೆ.

ಕಡಲತಡಿ

ವಾಪಸ್ ರಂಗಭೂಮಿಗೆ ಬರೋಣ. ಆ ದಿನ ಅವಳು ಹೇಳಿದ್ದರೆ?

ಹಳೇ ಮೇಷ್ಟ್ರು

ಆ ದಿನ ಏನಾಯಿತು ಅಂತ ಮೊದಲು ಸರಿಯಾಗಿ ನೋಡೋಣ. ಅರ್ಜುನ, ಕರ್ಣ ಇಬ್ಬರೂ ಎದುರುಬದುರು ನಿಲ್ಲುತ್ತಾರೆ. ಕುಂತಿ ಮೂರ್ಛೆ ಹೋಗುತ್ತಾಳೆ. ವಿದುರ ಆಳುಗಳಿಂದ ಗಂಧದ ನೀರು ಚಿಮುಕಿಸಿ ಎಚ್ಚರ ಮಾಡಿಸುತ್ತಾನೆ. ಎದ್ದು ನೋಡಿದರೆ ಇಬ್ಬರು ಮಕ್ಕಳೂ ಇನ್ನೂ ಹಾಗೇ ನಿಂತಿದ್ದಾರೆ. ಆಗ ಕೃಪ ಎದ್ದು ಹೇಳುತ್ತಾನೆ. ಇವನು ಕುಂತಿಯ ಕಿರಿಯ ಮಗ, ಪಾಂಡುವಿನ ಕುಮಾರ. ನೀನೂ ನಿನ್ನ ತಾಯಿ ಯಾರು, ತಂದೆ ಯಾರು, ಕುಲ ಯಾವುದು, ಹೇಳು.

ಗಮನಿಸಿ, ಕೃಪ ಮೊದಲು ಕೇಳಿದ್ದು ತಾಯಿಯ ಹೆಸರನ್ನೇ. ಆ ತಾಯಿ ಅಲ್ಲೇ ಮೇಲೆ ಕೂತಿದ್ದಾಳೆ, ಈಗಷ್ಟೇ ಮುಖದ ಮೇಲೆ ನೀರು ಬಿದ್ದಿದೆ. ಕರ್ಣನ ಮುಖ ಮಳೆ ನೀರಿಗೆ ಬಾಗಿದ ತಾವರೆ ಹಾಗೆ ಕೆಳಗಾಯಿತು. ದುರ್ಯೋಧನ ತಕ್ಷಣ ಅಂಗರಾಜ್ಯದ ಪಟ್ಟ ಕಟ್ಟಿದ. ಅಷ್ಟರಲ್ಲಿ ಅಧಿರಥ ಕೋಲೂರಿಕೊಂಡು, ಬೆವರುತ್ತಾ, ನಡುಗುತ್ತಾ ಬಂದ. ಕರ್ಣ ಪಟ್ಟದ ನೀರಿನಿಂದ ಇನ್ನೂ ಒದ್ದೆಯಾಗಿದ್ದ ತಲೆಯನ್ನು ಅವನ ಕಾಲಿಗೆ ಇಟ್ಟ. ಭೀಮ ನಕ್ಕ, ಸೂತನ ಮಗ ನೀನು, ಚಾವಟಿ ಹಿಡಿ ಅಂದ.

ಈಗ ಮುಖ್ಯವಾದ ಮಾತು. ಭೀಮನಿಗೆ ಉತ್ತರ ಕೊಡುವಾಗ ದುರ್ಯೋಧನ ಏನು ಹೇಳುತ್ತಾನೆ? ಶೂರರ ಮೂಲ, ನದಿಯ ಮೂಲ ಹುಡುಕಬೇಡ ಅನ್ನುತ್ತಾನೆ. ಇಷ್ಟು ಎಲ್ಲರಿಗೂ ನೆನಪಿದೆ. ಜೊತೆಗೇ ಇನ್ನೊಂದು ಹೇಳುತ್ತಾನೆ. ನಿಮ್ಮ ಹುಟ್ಟು ಹೇಗೆ ಆಯಿತು ಅನ್ನುವುದೂ ನಮಗೆ ಗೊತ್ತಿದೆ. ಪಾಂಡವರು ಕಾಡಿನಿಂದ ಊರಿಗೆ ಬಂದಾಗಲೇ ಜನ ಮಾತಾಡಿಕೊಂಡಿದ್ದರು, ಇವರು ಪಾಂಡುವಿನ ಮಕ್ಕಳು ಹೌದೋ ಅಲ್ಲವೋ ಅಂತ. ಇಂಥ ಸಭೆಯಲ್ಲಿ ಕುಂತಿ ಎದ್ದು, ಇವನೂ ನನ್ನ ಮಗ, ಮದುವೆಗೆ ಮುಂಚಿನವನು ಅಂದಿದ್ದರೆ? ಕರ್ಣ ಮೇಲೇಳುವ ಮೊದಲು ಐದು ಜನ ಕೆಳಗೆ ಬೀಳುತ್ತಿದ್ದರು. ಗಂಡ ಇಲ್ಲ. ಸಾಕ್ಷಿ ಹೇಳಲು ಮಾದ್ರಿಯೂ ಇಲ್ಲ. ಭಾವನ ಮನೆಯ ಅನ್ನ. ಅವಳು ಒಬ್ಬ ಮಗನನ್ನು ಐದು ಮಕ್ಕಳಿಗಾಗಿ ಎರಡನೇ ಸಲ ಬಿಟ್ಟಳು ಅಂತ ನಾನು ತಿಳಿದಿದ್ದೇನೆ. ಮೊದಲನೇ ಸಲ ಭಯದಿಂದ, ಎರಡನೇ ಸಲ ಲೆಕ್ಕ ಹಾಕಿ.

ಆದ್ದರಿಂದ ನನ್ನ ಉತ್ತರ ಇದು. ರಂಗಭೂಮಿಯಲ್ಲಿ ಹೇಳುವ ಹಾಗೆ ಇರಲಿಲ್ಲ. ಹೇಳಬೇಕಿದ್ದದ್ದು ಅದೇ ರಾತ್ರಿ. ಮನೆಯೊಳಗೆ, ಧರ್ಮರಾಯನಿಗೆ ಒಬ್ಬನಿಗೆ.

ವಕೀಲರ ಮನೆ

ಮೇಷ್ಟ್ರೇ, ಅದನ್ನು ಒಪ್ಪುತ್ತೇನೆ. ಪಾಂಡು ಬದುಕಿದ್ದಾಗ ಇದ್ದ ದಾರಿ ಅವನು ಸತ್ತ ಮೇಲೆ ಇರಲಿಲ್ಲ. ಕಾನೀನನನ್ನು ಒಪ್ಪಬೇಕಾದ ಗಂಡನೇ ಹೋದ ಮೇಲೆ ಹಕ್ಕು ಕೇಳುವುದು ಕಷ್ಟ. ಆದರೆ ಯುದ್ಧಕ್ಕೆ ಮುಂಚೆ ಧರ್ಮರಾಯನಿಗೆ ಹೇಳಬಹುದಿತ್ತಲ್ಲ? ಕರ್ಣನ ಹತ್ತಿರ ಹೋದವಳು ಧರ್ಮರಾಯನ ಹತ್ತಿರ ಯಾಕೆ ಹೋಗಲಿಲ್ಲ?

ತುಂಗೆ

ಅದಕ್ಕೆ ಕರ್ಣನೇ ಅರ್ಧ ಉತ್ತರ ಕೊಟ್ಟಿದ್ದಾನೆ. ಅವನು ಕೃಷ್ಣನಿಗೆ ಹೇಳುತ್ತಾನೆ, ಈ ಮಾತು ನಮ್ಮಿಬ್ಬರಲ್ಲೇ ಇರಲಿ. ನಾನು ಅಣ್ಣ ಅಂತ ಗೊತ್ತಾದರೆ ಯುಧಿಷ್ಠಿರ ರಾಜ್ಯ ತೆಗೆದುಕೊಳ್ಳುವುದಿಲ್ಲ. ನನಗೆ ಕೊಟ್ಟರೆ ನಾನು ಅದನ್ನು ದುರ್ಯೋಧನನಿಗೆ ಕೊಟ್ಟುಬಿಡುತ್ತೇನೆ. ಧರ್ಮರಾಯನೇ ರಾಜನಾಗಿರಲಿ.

ಹಾಗಾಗಿ ಧರ್ಮರಾಯನ ಕಿವಿಗೆ ಇದು ಬಿದ್ದ ದಿನ ಯುದ್ಧವೇ ಇಲ್ಲ. ಅದು ಕೃಷ್ಣನಿಗೆ ಗೊತ್ತು, ಕರ್ಣನಿಗೂ ಗೊತ್ತು. ಭೀಷ್ಮನಿಗೂ ಕರ್ಣನ ಹುಟ್ಟು ಗೊತ್ತಿತ್ತು, ಶರಶಯ್ಯೆಯ ಮೇಲೆ ಮಲಗಿ ಅವನಿಗೆ ಹೇಳುತ್ತಾನೆ. ಇಷ್ಟು ಜನ ಬಾಯಿ ಮುಚ್ಚಿಕೊಂಡಿದ್ದಾರೆ. ಕೊನೆಗೆ ಬೈಸಿಕೊಂಡವಳು ಕುಂತಿ ಒಬ್ಬಳೇ. ನನಗೆ ಇದು ಅನ್ಯಾಯ ಅನಿಸುತ್ತದೆ.

ಇನ್ನೊಂದು. ಕೃಷ್ಣ ಸಂಧಾನ ಮುರಿದು ಹೊರಡುವಾಗ ಕುಂತಿ ಮಕ್ಕಳಿಗೆ ಏನು ಹೇಳಿ ಕಳಿಸಿದಳು? ವಿದುಲೆಯ ಕಥೆ. ಸೋತು ಬಂದು ಮಲಗಿದ ಮಗನನ್ನು ವಿದುಲೆ ಬೈದು ಎಬ್ಬಿಸಿ ಯುದ್ಧಕ್ಕೆ ಕಳಿಸುತ್ತಾಳೆ. ತೌಡಿನ ಬೆಂಕಿಯ ಹಾಗೆ ಹೊಗೆಯಾಡುತ್ತಾ ಇರಬೇಡ, ಒಂದು ಕ್ಷಣವಾದರೂ ಉರಿ ಅನ್ನುತ್ತಾಳೆ. ಕುಂತಿಗೆ ಯುದ್ಧ ಬೇಕಿತ್ತು. ದ್ರೌಪದಿಗೆ ಆದ ಅವಮಾನಕ್ಕೆ ಉತ್ತರ ಬೇಕಿತ್ತು. ಆ ಸಂದೇಶ ಕಳಿಸಿ ಕೆಲವೇ ದಿನಕ್ಕೆ ಅವಳೇ ಗಂಗೆಯ ದಡಕ್ಕೆ ಓಡುತ್ತಾಳೆ. ಯುದ್ಧ ಆಗಲಿ, ಆದರೆ ನನ್ನ ಮಕ್ಕಳು ಒಬ್ಬರನ್ನೊಬ್ಬರು ಕೊಲ್ಲದಿರಲಿ. ಎರಡೂ ಒಟ್ಟಿಗೆ ಬೇಕಿತ್ತು ಅವಳಿಗೆ.

ಬಿಸಿಲೂರು

ಹಾಗಾದರೆ ಕರ್ಣ ಕೊಟ್ಟ ಮಾತಿನಿಂದ ಯುದ್ಧದಲ್ಲಿ ನಿಜವಾಗಿ ಏನಾದರೂ ಬದಲಾಯಿತಾ? ಅಥವಾ ಅದು ಬರೀ ಕಣ್ಣೀರಿನ ಪ್ರಸಂಗವಾ?

ಹಳೇ ಮೇಷ್ಟ್ರು

ಬಹಳ ಬದಲಾಯಿತು. ದಿನದ ಲೆಕ್ಕದಲ್ಲಿ ನೋಡಿ.

ಹದಿನಾಲ್ಕನೇ ದಿನ ಸಹದೇವ ಸೋಲುತ್ತಾನೆ. ಕರ್ಣ ಬಿಲ್ಲಿನ ತುದಿಯಿಂದ ತಿವಿದು ಬಿಡುತ್ತಾನೆ. ಅದೇ ದಿನ ಭೀಮನ ಆಯುಧಗಳೆಲ್ಲ ಮುಗಿದು, ಸತ್ತ ಆನೆಗಳ ನಡುವೆ ಅಡಗುವ ಹಾಗಾಗುತ್ತದೆ. ಕರ್ಣ ಬಿಲ್ಲಿನ ತುದಿಯಿಂದ ಮುಟ್ಟಿ, ಹೊಟ್ಟೆಬಾಕ, ನಿನಗೆ ಯುದ್ಧ ಯಾಕೆ ಅಂತ ಬೈದು ಬಿಡುತ್ತಾನೆ. ಹದಿನಾರನೇ ದಿನ ನಕುಲನ ಕೊರಳಿಗೆ ಬಿಲ್ಲು ಹಾಕಿ ಎಳೆದು ಬಿಡುತ್ತಾನೆ. ಹದಿನೇಳನೇ ದಿನ ಧರ್ಮರಾಯ. ಹೆಗಲು ಮುಟ್ಟಿ, ಬೈದು ಬಿಡುತ್ತಾನೆ. ಪ್ರತಿ ಸಲವೂ ಕುಂತಿಗೆ ಕೊಟ್ಟ ಮಾತು ನೆನಪಾಯಿತು ಅಂತ ಕವಿ ಹೇಳುತ್ತಾನೆ. ನೋಡುವವರಿಗೆ ಅದು ಅಹಂಕಾರದಂತೆ ಕಾಣುತ್ತದೆ. ಬೈದದ್ದು ಮಾತ್ರ ಕೇಳುತ್ತದೆ, ಬಿಟ್ಟದ್ದು ಯಾಕೆ ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಹದಿನೇಳನೇ ದಿನದ ಬೆಲೆ ಎಷ್ಟು ಅಂತ ಯೋಚಿಸಿ. ಧರ್ಮರಾಯನನ್ನು ಜೀವಂತ ಹಿಡಿದರೆ ಸಾಕು ಅಂತ ದ್ರೋಣ ಐದು ದಿನ ಒದ್ದಾಡಿದ. ಅದಕ್ಕೇ ಚಕ್ರವ್ಯೂಹ ಕಟ್ಟಿದ, ಅಭಿಮನ್ಯು ಹೋದ. ಆ ಧರ್ಮರಾಯ ಈಗ ಕರ್ಣನ ಕೈಗೆ ಸಿಕ್ಕಿದ್ದಾನೆ. ಕರ್ಣ ಅವನನ್ನು ಬಿಟ್ಟುಬಿಟ್ಟ. ದುರ್ಯೋಧನನಿಗೆ ನೀಯತ್ತಿನಿಂದ ಇರುತ್ತೇನೆ ಅಂತ ಸಾಮ್ರಾಜ್ಯವನ್ನೇ ಬೇಡ ಅಂದವನು, ದುರ್ಯೋಧನನ ಗೆಲುವನ್ನು ಅವತ್ತು ತಾಯಿಗೆ ಕೊಟ್ಟ.

ಕುಮಾರವ್ಯಾಸ ಇದನ್ನು ಮೊದಲೇ ಕಂಡಿದ್ದ. ಹುಟ್ಟಿನ ಗುಟ್ಟು ಕೇಳಿದಾಗ ಕರ್ಣನ ಕೊರಳ ಸೆರೆ ಹಿಗ್ಗಿ ಕಣ್ಣೀರು ಬರುತ್ತದೆ. ಆದರೆ ಅವನ ಮನಸ್ಸಿಗೆ ಬರುವ ಮಾತು ತನ್ನ ಬಗ್ಗೆ ಅಲ್ಲ. ಅಯ್ಯೋ, ಕುರುಪತಿಗೆ ಕೇಡಾಯಿತು ಅಂತ. ಗೊತ್ತಾದ ಮೇಲೆ ತನ್ನ ಕೈ ಮೊದಲಿನ ಹಾಗೆ ಏಳುವುದಿಲ್ಲ ಅಂತ ಅವನಿಗೇ ತಿಳಿಯಿತು.

ವಕೀಲರ ಮನೆ

ಹಾಗಾದರೆ ಕುಂತಿ ಬೇಕೆಂದೇ ಆ ಹೊತ್ತಿಗೆ ಹೋದಳು ಅನ್ನಬಹುದಲ್ಲ? ಗುಟ್ಟನ್ನು ಬೇಗ ಹೇಳಿದರೆ ಯುದ್ಧ ನಿಲ್ಲುತ್ತದೆ. ಹೇಳದಿದ್ದರೆ ಮಕ್ಕಳು ಸಾಯುತ್ತಾರೆ. ಕರ್ಣನಿಗೆ ಮಾತ್ರ, ಯುದ್ಧದ ಹೊಸ್ತಿಲಲ್ಲಿ ಹೇಳಿದರೆ ಐದು ಜನಕ್ಕೂ ರಕ್ಷಣೆ.

ತುಂಗೆ

ಇಲ್ಲ, ನಾನು ಒಪ್ಪುವುದಿಲ್ಲ. ಅವಳು ಕೇಳಿದ್ದು ಬಂದು ಸೇರು ಅಂತ. ಮಾತು ಕೊಟ್ಟದ್ದು ಅವನು. ಕಪಟ ಇದ್ದವಳು ಅಷ್ಟು ಹೊತ್ತು ಬಿಸಿಲಲ್ಲಿ ಅವನ ಬಟ್ಟೆಯ ನೆರಳು ಹುಡುಕಿಕೊಂಡು ನಿಲ್ಲುತ್ತಿರಲಿಲ್ಲ.

ವಕೀಲರ ಮನೆ

ಹೊರಡುವಾಗ ಅವನನ್ನು ಅಪ್ಪಿಕೊಂಡು, ನಾಲ್ವರಿಗೆ ಅಭಯ ಕೊಟ್ಟಿದ್ದೀಯ, ನೆನಪಿರಲಿ ಅಂತಲೂ ಹೇಳುತ್ತಾಳೆ. ಅದನ್ನು ಮರೆಯಬೇಡಿ.

ತುಂಗೆ

ಮರೆತಿಲ್ಲ. ಐದು ಮಕ್ಕಳ ತಾಯಿ ಬೇರೆ ಏನು ಹೇಳಬೇಕಿತ್ತು?

ಕುಂತಿಯ ಬಾಲ್ಯವನ್ನೂ ಸ್ವಲ್ಪ ನೋಡಿ. ಕೃಷ್ಣನ ಹತ್ತಿರ ಅವಳು ಅಳುವಾಗ ಹೇಳುತ್ತಾಳೆ, ನಾನು ದೂರುವುದು ನನ್ನನ್ನಲ್ಲ, ದುರ್ಯೋಧನನನ್ನೂ ಅಲ್ಲ, ನನ್ನ ತಂದೆಯನ್ನು. ಕೈಯಲ್ಲಿ ಚೆಂಡು ಹಿಡಿದು ಆಡುತ್ತಿದ್ದ ನನ್ನನ್ನು ಜೂಜುಗಾರ ಹಣ ಕೊಟ್ಟ ಹಾಗೆ ಕುಂತಿಭೋಜನಿಗೆ ಕೊಟ್ಟುಬಿಟ್ಟ. ಅವಳ ಹೆಸರೇ ಪೃಥೆ. ಕುಂತಿ ಅನ್ನುವುದು ಕೊಟ್ಟ ಮನೆಯಿಂದ ಬಂದ ಹೆಸರು. ಕೊಡಲ್ಪಟ್ಟ ಹುಡುಗಿಯೇ ಮುಂದೆ ಮಗುವನ್ನು ನೀರಿಗೆ ಕೊಟ್ಟಳು.

ಪುಟ್ಟಿಯ ಅಮ್ಮ

ಕುಂತಿಯೂ ಕೊಟ್ಟ ಮಗುವಾ! ಇಷ್ಟು ವರ್ಷ ಕಥೆ ಕೇಳಿದ್ದೇನೆ, ಇದು ಯಾಕೆ ತಲೆಗೆ ಹೋಗಲಿಲ್ಲ.

ಯುದ್ಧ ಆದ ಮೇಲೆ ಅವಳು ಎಲ್ಲರಿಗೂ ಹೇಳಿದಳಲ್ಲ, ಆಗ ಏನಾಯಿತು?

ಹಳೇ ಮೇಷ್ಟ್ರು

ಸತ್ತವರಿಗೆ ಗಂಗೆಯಲ್ಲಿ ನೀರು ಬಿಡುವಾಗ ಹೇಳಿದಳು. ಅವನಿಗೂ ಬಿಡಿ, ಅವನು ನಿಮ್ಮ ಅಣ್ಣ ಅಂತ. ಅಲ್ಲಿ ಕೃಷ್ಣ ಬಾಯಿ ಬಿಟ್ಟಿಲ್ಲ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೂ ಹೇಳಿದಳು, ಯಾಕೆಂದರೆ ಒಂದು ಬೊಗಸೆ ನೀರು ಅವನಿಗೆ ಸೇರಬೇಕಿತ್ತು.

ಧರ್ಮರಾಯ ಕುಸಿದುಹೋದ. ಆಮೇಲೆ ನಾರದರಿಗೆ ಹೇಳುತ್ತಾನೆ, ಜೂಜಿನ ದಿನ ಕರ್ಣ ಕೆಟ್ಟ ಮಾತಾಡಿದಾಗ ನನಗೆ ಸಿಟ್ಟು ಬರುತ್ತಿತ್ತು, ಆದರೆ ಅವನ ಪಾದ ನೋಡಿದರೆ ಸಿಟ್ಟು ಇಳಿಯುತ್ತಿತ್ತು. ಆ ಪಾದ ನಮ್ಮಮ್ಮನ ಪಾದದ ಹಾಗೇ ಇತ್ತು. ಯಾಕೆ ಅಂತ ಹುಡುಕಿದೆ, ಕಾರಣ ಸಿಗಲಿಲ್ಲ. ಆ ದುಃಖದಲ್ಲೇ, ಇನ್ನು ಮುಂದೆ ಹೆಂಗಸರ ಹತ್ತಿರ ಗುಟ್ಟು ನಿಲ್ಲದಿರಲಿ ಅಂತ ಶಾಪ ಕೊಟ್ಟ.

ಅದಾಗಿ ಹದಿನೈದು ವರ್ಷ ಕಳೆದ ಮೇಲೆ ಧೃತರಾಷ್ಟ್ರ, ಗಾಂಧಾರಿ ಕಾಡಿಗೆ ಹೊರಡುತ್ತಾರೆ. ಕುಂತಿಯೂ ಗಾಂಧಾರಿಯ ಕೈ ಹಿಡಿದು ಹೊರಟುಬಿಡುತ್ತಾಳೆ. ಮಕ್ಕಳು ಅತ್ತು ತಡೆದರೂ ನಿಲ್ಲುವುದಿಲ್ಲ. ಹೋಗುವಾಗ ಧರ್ಮರಾಯನಿಗೆ ಹೇಳುವುದು, ಸಹದೇವನನ್ನು ಚೆನ್ನಾಗಿ ನೋಡಿಕೋ. ಕರ್ಣನನ್ನು ಯಾವಾಗಲೂ ನೆನಪಿಟ್ಟುಕೋ. ಸೂರ್ಯನ ಮಗನನ್ನು ಕಾಣದೆಯೂ ನೂರು ಚೂರಾಗದ ನನ್ನ ಎದೆ ಕಬ್ಬಿಣದ್ದೇ ಇರಬೇಕು.

ಕಡಲತಡಿ

ಕಾಡಿನಲ್ಲಿ ವ್ಯಾಸರು ಸತ್ತವರನ್ನು ಒಂದು ರಾತ್ರಿ ಗಂಗೆಯಿಂದ ಎಬ್ಬಿಸಿ ತೋರಿಸುತ್ತಾರೆ ಅಂತ ಕೇಳಿದ್ದೇನೆ. ಕುಂತಿ ಅಲ್ಲಿ ಏನಾದರೂ ಕೇಳುತ್ತಾಳಾ?

ಹಳೇ ಮೇಷ್ಟ್ರು

ಕೇಳುತ್ತಾಳೆ. ಅದಕ್ಕೂ ಮೊದಲು ವ್ಯಾಸರ ಮುಂದೆ ಕೂತು ದುರ್ವಾಸರಿಂದ ಹಿಡಿದು ಎಲ್ಲ ಕಥೆಯನ್ನೂ ತಾನೇ ಹೇಳುತ್ತಾಳೆ. ಮಂತ್ರ, ಸೂರ್ಯ, ಭಯ, ಪೆಟ್ಟಿಗೆ. ಏನನ್ನೂ ಮುಚ್ಚಿಡುವುದಿಲ್ಲ. ಅದು ಪಾಪವೋ ಅಲ್ಲವೋ, ನಿಮ್ಮ ಮುಂದೆ ಹೇಳಿದ್ದೇನೆ, ಅವನನ್ನು ನೋಡಬೇಕು ಅನ್ನುತ್ತಾಳೆ. ನಿನ್ನದು ತಪ್ಪಿಲ್ಲ ಅಂತ ವ್ಯಾಸರು ಹೇಳುತ್ತಾರೆ. ಆ ರಾತ್ರಿ ನೀರಿನಿಂದ ಎದ್ದು ಬಂದ ಕರ್ಣನನ್ನು ತಮ್ಮಂದಿರು ಸಂತೋಷದಿಂದ ಕೂಡಿಕೊಂಡರು.

ಪುಟ್ಟಿಯ ಅಮ್ಮ

ಮೇಷ್ಟ್ರೇ, ಕುಂತಿಗೆ ಆಗ ಎಷ್ಟು ವಯಸ್ಸಾಗಿರಬಹುದು? ಅಷ್ಟು ವಯಸ್ಸಾದ ಮೇಲೆ ಮೊದಲನೇ ಸಲ ಪೂರ್ತಿ ಕಥೆ ಹೇಳಿದಳಲ್ಲ.

ನನ್ನ ಚಿಕ್ಕಮ್ಮನಿಗೆ ಈಗ ಎಪ್ಪತ್ತೆರಡು. ನಮ್ಮಿಬ್ಬರ ನಡುವೆ ಇವತ್ತಿಗೂ ಈ ಮಾತು ಬಂದಿಲ್ಲ. ಭಾನುವಾರ ಅವರ ಮನೆಗೆ ಹೋಗುವವಳಿದ್ದೇನೆ. ಆ ವನ ಪರ್ವದ ಪುಟ ಯಾವುದು ಅಂತ ಹೇಳಿ. ಅವರಿಗೆ ಕಣ್ಣು ಮಂಜು, ನಾನೇ ಓದಿ ಹೇಳುತ್ತೇನೆ.